ದಾರಂದ
(ಸಣ್ಣಕತೆಯ ರಂಗರೂಪ, ಎರಡು ದೃಶ್ಯಗಳು)

ರೂಪಾಂತರದ ಟಿಪ್ಪಣಿ: ಮೂಲಕತೆಯನ್ನು ಮಗನು ಮುಪ್ಪಿನಲ್ಲಿ ನೆನೆದು ಹೇಳುತ್ತಾನೆ. ಆ ನಿರೂಪಣೆಯನ್ನು ಇಲ್ಲಿ ಪೂರ್ತಿಯಾಗಿ ಬಿಟ್ಟಿದೆ. ಕತೆಯಲ್ಲಿ ಒಂದೇ ವಾಕ್ಯದಲ್ಲಿ ಬಂದುಹೋಗುವ ದಾರಂದವನ್ನು ರಂಗದ ನಡುವೆ ನಿಲ್ಲಿಸಿದೆ. ತಾಯಿಯ ಹಟಕ್ಕೆ ಕಾರಣವನ್ನು ಮಾತಿಗಿಂತ ಮೊದಲು ಅದೇ ತೋರಿಸಬೇಕು.

ಪಾತ್ರಗಳು: ಸೀತಮ್ಮ (ಅರವತ್ತು ದಾಟಿದವರು), ಗಣಪಯ್ಯ (ಮಗ), ಶಾನುಭೋಗರು

ಕಾಲ, ಸ್ಥಳ: 1963ರ ಬೇಸಿಗೆ. ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿಗೆ ಸೇರಲಿರುವ, ಸಾಗರ ತಾಲ್ಲೂಕಿನ ಒಂದು ಹಳ್ಳಿ.

ದೃಶ್ಯ 1

(ಹೆಂಚು ಇಳಿಸಿದ ಮನೆ. ಗೋಡೆಗಳು ಅರ್ಧ ಬಿದ್ದಿದ್ದರೂ ಕೆತ್ತನೆಯ ದಾರಂದವೊಂದು ನೆಟ್ಟಗೆ ನಿಂತಿದೆ. ಅದರ ಎಡಗಂಬದಲ್ಲಿ ಹಳೆಯ ಗರಗಸದ ಗಾಯ ಪ್ರೇಕ್ಷಕರಿಗೆ ಕಾಣುವಂತಿರಬೇಕು. ಸೀತಮ್ಮ ಹೊಸಿಲಿನ ಒಳಗೆ ಕುಳಿತಿದ್ದಾರೆ. ಗಣಪಯ್ಯ ರೀಪುಗಳ ಕಟ್ಟನ್ನು ಹೊತ್ತು ಬರುತ್ತಾನೆ.)

ಗಣಪಯ್ಯ: ಅಮ್ಮಾ, ಲಾರಿ ತುಂಬಿತು. ಇನ್ನು ಈ ದಾರಂದಕ್ಕೆ ಜಾಗವಿಲ್ಲ.

ಸೀತಮ್ಮ: ಮಡೆನೂರಿನಲ್ಲಿ ಅಣೆಕಟ್ಟೆ ಕಟ್ಟಿ, ನಾವು ಹಳೆಯ ಮನೆ ಬಿಡಬೇಕಾದಾಗ ನಿನ್ನ ಅಪ್ಪ ಇದನ್ನು ಗಾಡಿಯಲ್ಲಿ ತಂದು ಇಲ್ಲಿ ನಿಲ್ಲಿಸಿದರು. ಆಗಲೂ ಗಾಡಿ ತುಂಬಿತ್ತು.

ಗಣಪಯ್ಯ: (ಕಟ್ಟನ್ನು ಇಳಿಸಿ) ಆ ಕಟ್ಟೆಯೇ ಈಗ ಮುಳುಗುತ್ತಿದೆಯಲ್ಲ, ಅಮ್ಮಾ.

(ಶಾನುಭೋಗರು ಕಡತ ಹಿಡಿದು ಬರುತ್ತಾರೆ. ಬೆಳಕು ಆರುತ್ತದೆ.)

ದೃಶ್ಯ 2

(ಅದೇ ಸ್ಥಳ, ಸಂಜೆ. ದೂರದಲ್ಲಿ ಲಾರಿಯ ಹಾರನ್ ಎರಡು ಸಲ ಕೇಳಿಸುತ್ತದೆ.)

ಶಾನುಭೋಗರು: ಸೀತಮ್ಮನವರೇ, ಅಡಿಕೆ ಮರಗಳನ್ನೂ ಬಾವಿಯನ್ನೂ ಬರೆದುಕೊಂಡಿದ್ದೇನೆ. ಶಿವಮೊಗ್ಗದ ಕಡೆ ನಿಮಗೆ ಕಾಡು ಕಡಿಸಿದ ಜಾಗ ತೋರಿಸುತ್ತಾರೆ.

ಸೀತಮ್ಮ: ಅದರ ಹಕ್ಕುಪತ್ರ ಎಲ್ಲಿದೆ?

ಶಾನುಭೋಗರು: (ತಡೆದು) ಮುಂದೆ ಬರುತ್ತದೆ ಎಂದಿದ್ದಾರೆ.

ಸೀತಮ್ಮ: ಜೋಗದ ಕರೆಂಟು ಊರೂರಿಗೆ ಹೋಯಿತು, ನಮ್ಮ ಮನೆಯಲ್ಲಿ ಇಂದಿಗೂ ಚಿಮಣಿ ಬುಡ್ಡಿಯೇ ಉರಿಯುತ್ತದೆ, ಅದಕ್ಕೆ ನಾನು ಯಾರನ್ನೂ ಬೈದವಳಲ್ಲ. ಆದರೆ ಎರಡು ಸಲ ಮನೆ ಬಿಟ್ಟವಳಿಗೆ ಇದು ನಿನ್ನ ನೆಲ ಎಂದು ಹೇಳುವ ಒಂದು ಕಾಗದ ಬೇಡವೇ?

(ಶಾನುಭೋಗರು ಉತ್ತರಿಸದೆ ಕಡತ ತೆರೆಯುತ್ತಾರೆ. ಈ ಮೌನವನ್ನು ಸಂಗೀತದಿಂದ ತುಂಬಬಾರದು.)

ಶಾನುಭೋಗರು: ಪತ್ರ ಕೊಡುವ ಅಧಿಕಾರ ನನಗಿಲ್ಲ, ತಾಯಿ. ಈ ದಾರಂದವನ್ನು ಪಟ್ಟಿಗೆ ಸೇರಿಸಬಲ್ಲೆ.

ಸೀತಮ್ಮ: ಹಾಗಾದರೆ ಎರಡನೇ ಸಲ ಕಿತ್ತದ್ದು ಎಂದೂ ಬರೆಯಿರಿ.

(ಅವರು ಬರೆದು, ಗಟ್ಟಿಯಾಗಿ ಓದಿ ಹೇಳುತ್ತಾರೆ. ಸೀತಮ್ಮ ಎದ್ದು, ಹೊಸಿಲು ದಾಟಿ ಹೊರಬರುತ್ತಾರೆ. ಗಣಪಯ್ಯ ಹಾರೆ ತರುತ್ತಾನೆ.)

ಗಣಪಯ್ಯ: ಭತ್ತದ ಪೆಟ್ಟಿಗೆಯನ್ನು ಇಳಿಸುತ್ತೇನೆ. ಶಾನುಭೋಗರೇ, ಆ ಕಡೆ ಸ್ವಲ್ಪ ಹಿಡಿಯುತ್ತೀರಾ?

(ಶಾನುಭೋಗರು ಕಡತವನ್ನು ನೆಲದ ಮೇಲಿಟ್ಟು ಕಂಬಕ್ಕೆ ಕೈಕೊಡುತ್ತಾರೆ.)

ಸೀತಮ್ಮ: ಎಲ್ಲ ಸಾಮಾನಿನ ನಂತರ ಏರಿಸಿ. ಅಲ್ಲಿ ಮೊದಲು ಇಳಿಯಬೇಕಾದದ್ದು ಇದೇ.

(ತೆರೆ)