ಸಾಲ ಮುಕ್ತಾಯ ಪ್ರಮಾಣಪತ್ರ ಮತ್ತು ಮನೆಯ ಅಸಲು ಪತ್ರಗಳನ್ನು ಕೊಡುವಂತೆ ಮನವಿ

ಶಿವಮೊಗ್ಗ
21-07-2025, ಸೋಮವಾರ

ಇಂದ:
ಎಂ. ಎಸ್. ರುದ್ರೇಶಪ್ಪ (ನಿವೃತ್ತ ಪ್ರಥಮ ದರ್ಜೆ ಸಹಾಯಕ, ಖಜಾನೆ ಇಲಾಖೆ)
ಮತ್ತು ಶ್ರೀಮತಿ ಗಿರಿಜಮ್ಮ
4ನೇ ಅಡ್ಡರಸ್ತೆ, ಗೋಪಾಳ, ಶಿವಮೊಗ್ಗ

ಗೆ:
ಶಾಖಾ ವ್ಯವಸ್ಥಾಪಕರು
ಗೃಹಸಾಲ ವಿಭಾಗ
ಶಿವಮೊಗ್ಗ ಮುಖ್ಯ ಶಾಖೆ

ವಿಷಯ: ಗೃಹಸಾಲ ಸಂಖ್ಯೆ 418/2012-13 ಪೂರ್ತಿ ತೀರಿದ್ದು, ಸಾಲ ಮುಕ್ತಾಯ ಪ್ರಮಾಣಪತ್ರ ಮತ್ತು ಅಡಮಾನವಿಟ್ಟ ಅಸಲು ಪತ್ರಗಳನ್ನು ಇದೇ ಶಾಖೆಯಲ್ಲಿ ಕೊಡುವ ಬಗ್ಗೆ.

ಉಲ್ಲೇಖ: 1) ನಿಮ್ಮ ಶಾಖೆಯ ರಸೀದಿ, ದಿನಾಂಕ 16-06-2025. 2) ಅದೇ ದಿನ ನಾನು ಕೊಟ್ಟ ಕೈಬರಹದ ಅರ್ಜಿ. 3) ಭಾರತೀಯ ರಿಸರ್ವ್ ಬ್ಯಾಂಕಿನ 13-09-2023ರ ಸುತ್ತೋಲೆ.

ಮಾನ್ಯರೇ,

ಗೋಪಾಳದ 47ನೇ ನಂಬರಿನ ನಿವೇಶನದಲ್ಲಿ ಮನೆ ಕಟ್ಟಲು ನಾನು ಮತ್ತು ನನ್ನ ಹೆಂಡತಿ ಜಂಟಿಯಾಗಿ 2012ರಲ್ಲಿ ನಿಮ್ಮ ಶಾಖೆಯಿಂದ 14,00,000 ರೂಪಾಯಿ ಸಾಲ ತೆಗೆದುಕೊಂಡಿದ್ದೆವು. 15 ವರ್ಷದ ಅವಧಿಯ ಸಾಲ. ಒಂದು ಕಂತೂ ತಪ್ಪದೆ ಕಟ್ಟಿಕೊಂಡು ಬಂದೆವು. ಉಳಿದಿದ್ದ 2,84,316 ರೂಪಾಯಿಯನ್ನು 16-06-2025ರಂದು ಒಂದೇ ಸಲಕ್ಕೆ ಕಟ್ಟಿ ಸಾಲ ತೀರಿಸಿದ್ದೇವೆ. ಆ ದಿನವೇ ಖಾತೆಯಲ್ಲಿ ಬಾಕಿ ಸೊನ್ನೆ ಎಂದು ಬಂದಿದೆ. ಅವಧಿಗೆ ಮೊದಲೇ ತೀರಿಸಿದ್ದಕ್ಕೆ ದಂಡ ಹಾಕಿಲ್ಲ. ಬದಲಾಗುವ ಬಡ್ಡಿಯ ಗೃಹಸಾಲಕ್ಕೆ ಹಾಕುವಂತೆಯೂ ಇಲ್ಲ. ಅಲ್ಲಿಗೆ ಲೆಕ್ಕದ ವಿಷಯದಲ್ಲಿ ನಮ್ಮ ನಿಮ್ಮ ನಡುವೆ ತಕರಾರಿಲ್ಲ.

ತಕರಾರು ಇರುವುದು ಕಾಗದ ಪತ್ರಗಳ ಬಗ್ಗೆ. ಹಣ ಕಟ್ಟಿದ ದಿನವೇ ಪತ್ರಗಳಿಗೆ ಅರ್ಜಿ ಕೊಟ್ಟಿದ್ದೆ. "ಪೇಪರ್ ಬೆಂಗಳೂರಿನ ಸೆಂಟ್ರಲ್ ಆಫೀಸಿನಲ್ಲಿದೆ, ಬಂದ ಮೇಲೆ ಫೋನ್ ಮಾಡ್ತೀವಿ" ಎಂದರು. ಫೋನ್ ಬರಲಿಲ್ಲ. ಆಮೇಲೆ ವಿಚಾರಿಸಿದಾಗ, ಬೇಗ ಬೇಕಿದ್ದರೆ ನೀವೇ ಬೆಂಗಳೂರಿಗೆ ಹೋಗಿ ತನ್ನಿ ಎಂದರು. ಸಾಲ ಕೊಡುವಾಗ ಪತ್ರಗಳನ್ನು ಇದೇ ಕೌಂಟರಿನಲ್ಲಿ ತೆಗೆದುಕೊಂಡಿದ್ದೀರಿ. ಅವನ್ನು ಬೆಂಗಳೂರಿಗೆ ಕಳಿಸಿದ್ದು ಬ್ಯಾಂಕು. ವಾಪಸ್ ತರಿಸುವ ಕೆಲಸವೂ ಬ್ಯಾಂಕಿನದೇ ಅಲ್ವಾ? ನನ್ನ ಹೆಂಡತಿಗೆ ಮೊಣಕಾಲಿನ ಆಪರೇಷನ್ ಆಗಿದೆ. ಇಬ್ಬರೂ ಸಹಿ ಹಾಕಬೇಕಾದ ಕೆಲಸಕ್ಕೆ ಅವರನ್ನು ಅಷ್ಟು ದೂರ ಕರೆದುಕೊಂಡು ಹೋಗುವುದು ಆಗದ ಮಾತು.

ಉಲ್ಲೇಖ 3ರ ಸುತ್ತೋಲೆ ನಿಮಗೆ ಗೊತ್ತಿರುವುದೇ. 01-12-2023ರಿಂದ ಅದು ಜಾರಿಯಲ್ಲಿದೆ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಅಸಲು ಪತ್ರಗಳನ್ನೆಲ್ಲ ಕೊಡಬೇಕು, ಆಸ್ತಿಯ ಮೇಲೆ ನೋಂದಣಿಯಾದ ಬ್ಯಾಂಕಿನ ಹಕ್ಕನ್ನೂ ತೆಗೆಸಬೇಕು. ಸಾಲದ ಖಾತೆ ನಡೆಯುತ್ತಿದ್ದ ಶಾಖೆಯಲ್ಲೇ ಪತ್ರ ಪಡೆಯಬೇಕೋ, ಪತ್ರಗಳಿರುವ ಬೇರೆ ಕಚೇರಿಯಲ್ಲೋ ಎಂಬುದು ಸಾಲಗಾರನ ಆಯ್ಕೆಗೆ ಬಿಟ್ಟಿದ್ದು. ನಮ್ಮ ಆಯ್ಕೆ ಶಿವಮೊಗ್ಗ ಮುಖ್ಯ ಶಾಖೆ. ಇದನ್ನು ಈ ಪತ್ರದ ಮೂಲಕ ಬರೆದು ಕೊಡುತ್ತಿದ್ದೇವೆ.

30 ದಿನ 16-07-2025ಕ್ಕೆ ಮುಗಿದಿದೆ. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂದು ಅದೇ ಸುತ್ತೋಲೆಯಲ್ಲಿದೆ. ಆ ಹಣದ ಆಸೆಗೆ ಈ ಪತ್ರ ಬರೆಯುತ್ತಿಲ್ಲ. ಹಾಗಂತ ಅದನ್ನು ಕೇಳುವ ಹಕ್ಕನ್ನು ಬಿಟ್ಟುಕೊಟ್ಟಿದ್ದೇವೆ ಎಂದೂ ತಿಳಿಯಬೇಡಿ. ಪತ್ರಗಳು ಎಷ್ಟು ಬೇಗ ಕೈಸೇರುತ್ತವೋ ಆ ಲೆಕ್ಕ ಅಷ್ಟು ಚಿಕ್ಕದಾಗುತ್ತದೆ. ತಡಕ್ಕೆ ಕಾರಣ ಏನೆಂದು ಬರವಣಿಗೆಯಲ್ಲಿ ತಿಳಿಸಿ. ಬಾಯಿಮಾತಿನ ಉತ್ತರ ಸಾಕಷ್ಟು ಕೇಳಿದ್ದಾಯಿತು.

ನಮಗೆ ಅವಸರ ಇರುವುದಕ್ಕೂ ಕಾರಣವಿದೆ. ಈ ಮನೆಯನ್ನು ಮಗಳ ಹೆಸರಿಗೆ ದಾನಪತ್ರ ಮಾಡಿಕೊಡಬೇಕೆಂದಿದ್ದೇವೆ. ಅವಳು ಇರುವುದು ಪುಣೆಯಲ್ಲಿ. ಗಣೇಶನ ಹಬ್ಬಕ್ಕೆ, ಅಂದರೆ ಆಗಸ್ಟ್ 27ಕ್ಕೆ, ಊರಿಗೆ ಬರುತ್ತಾಳೆ. ರಜೆ ಸಿಗುವುದೇ ನಾಲ್ಕೈದು ದಿನ. ನೋಂದಣಿಗೆ ಬೇಕಾದ ಇ-ಖಾತಾ ಮಾಡಿಸಿಟ್ಟಿದ್ದೇನೆ. ಆದರೆ ಕಳೆದ ವಾರ ಕಾವೇರಿ ತಂತ್ರಾಂಶದಲ್ಲಿ ಇ.ಸಿ. ತೆಗೆದರೆ 2012ರ ಎಂಒಡಿ ನಮೂದು ಹಾಗೆಯೇ ಇದೆ, ಅದು ತೀರಿದ ನಮೂದು ಇಲ್ಲ. ಇ.ಸಿ.ಯ ಪ್ರಕಾರ ನಾವಿನ್ನೂ ನಿಮ್ಮ ಸಾಲಗಾರರೇ. ಆದ್ದರಿಂದ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಋಣಮುಕ್ತಿ ಪತ್ರ ಬರೆದುಕೊಡಲು ನಿಮ್ಮ ಕಡೆಯ ಅಧಿಕೃತ ಅಧಿಕಾರಿಯೊಬ್ಬರನ್ನು ಗೊತ್ತುಮಾಡಿ, ಯಾವ ದಿನ ಬರುತ್ತಾರೆಂದು ಮುಂಚೆಯೇ ತಿಳಿಸಿ. ಸ್ಲಾಟ್ ನಾನು ಬುಕ್ ಮಾಡುತ್ತೇನೆ. ಸೆರ್ಸಾಯಿಯಲ್ಲಿ ಈ ಆಸ್ತಿಯ ಮೇಲಿರುವ ನಿಮ್ಮ ಹಕ್ಕನ್ನೂ ತೆಗೆಸಿ, ಅದರ ಪ್ರತಿ ಕೊಡಿ. ಸಿಬಿಲ್‌ನಲ್ಲಿ ಸಾಲ ಮುಕ್ತಾಯವಾಗಿದೆ ಎಂದು ಸೇರಿಸುವುದು ಹೇಗೂ ನಿಮ್ಮ ರೂಢಿಯ ಕೆಲಸ. ಅದೂ ಬಾಕಿ ಉಳಿಯದಿರಲಿ.

ಮುಕ್ತಾಯ ಪ್ರಮಾಣಪತ್ರದ ಬಗ್ಗೆ ಒಂದು ಮಾತು. ಸುಮ್ನೆ "ಬಾಕಿ ಇಲ್ಲ" ಎಂಬ ಒಂದು ಸಾಲಿನ ಪತ್ರ ಬೇಡ. ಸಾಲದ ಸಂಖ್ಯೆ, ನಮ್ಮಿಬ್ಬರ ಹೆಸರು, ಸಾಲದ ಮೊತ್ತ, ತೀರಿದ ದಿನಾಂಕ, ಆಸ್ತಿಯ ವಿವರ, ಈ ಆಸ್ತಿಯ ಮೇಲೆ ಬ್ಯಾಂಕಿಗೆ ಇನ್ನು ಯಾವ ಹಕ್ಕೂ ಇಲ್ಲ ಎಂಬ ಮಾತು ಅದರಲ್ಲಿ ಇರಲಿ. ಬ್ಯಾಂಕು ವಿಲೀನವಾದ ಮೇಲೆ ನಮ್ಮ ಖಾತೆಗೆ ಹೊಸ ನಂಬರ್ ಬಂತು. ಎಂಒಡಿಯಲ್ಲಿರುವುದು ಹಳೇ ಬ್ಯಾಂಕಿನ ಹೆಸರು, ಹಳೇ ನಂಬರ್. ಎರಡೂ ನಂಬರುಗಳನ್ನು ಪ್ರಮಾಣಪತ್ರದಲ್ಲೂ ಋಣಮುಕ್ತಿ ಪತ್ರದಲ್ಲೂ ಬರೆಯಿರಿ. ಇಲ್ಲದಿದ್ದರೆ ಹತ್ತು ವರ್ಷದ ನಂತರ ಯಾರೋ ವಕೀಲರು "ಇದು ಬೇರೆ ಸಾಲ, ಅದು ಬೇರೆ ಸಾಲ" ಎಂದು ಮಗಳನ್ನು ನಿಮ್ಮ ಬಾಗಿಲಿಗೆ ಮತ್ತೆ ಕಳಿಸುತ್ತಾರೆ. ಖಜಾನೆಯಲ್ಲಿ ಇಂಥ ಫೈಲುಗಳನ್ನು ಬೇಕಾದಷ್ಟು ನೋಡಿದ್ದೇನೆ.

2012ರಲ್ಲಿ ನಾವು ಒಪ್ಪಿಸಿದ, ನಿಮ್ಮ ಅಧಿಕಾರಿ ಸಹಿ ಮಾಡಿ ಪಟ್ಟಿ ಕೊಟ್ಟ ಪತ್ರಗಳು ಇವು:

1. ನಮ್ಮಿಬ್ಬರ ಹೆಸರಿನ 2004ರ ನೋಂದಾಯಿತ ಕ್ರಯಪತ್ರ, ಅಸಲು, 11 ಹಾಳೆ.
2. ಹಿಂದಿನ ಮಾಲೀಕರ 1987ರ ಕ್ರಯಪತ್ರ, ಅಸಲು, ಛಾಪಾ ಕಾಗದದ ಮೇಲೆ ಕೈಬರಹ, 6 ಹಾಳೆ.
3. ಭೂಪರಿವರ್ತನೆ ಆದೇಶದ ದೃಢೀಕೃತ ಪ್ರತಿ ಮತ್ತು ಬಡಾವಣೆಯ ನಕ್ಷೆ.
4. ಕಟ್ಟಡ ಪರವಾನಗಿ, ಮೊಹರು ಇರುವ ಮನೆಯ ನಕ್ಷೆ.
5. ಖಾತಾ ಪ್ರತಿ, 2004-05ರಿಂದ 2012-13ರವರೆಗಿನ ಕಂದಾಯ ರಸೀದಿಗಳು.
6. ನನ್ನ ಹೆಸರಿನ ಎಲ್‌ಐಸಿ ಪಾಲಿಸಿ ಬಾಂಡ್.
7. ಭದ್ರತೆಗೆಂದು ಪಡೆದಿದ್ದ 4 ಖಾಲಿ ಚೆಕ್‌ಗಳು.

ಇದರಲ್ಲಿ 2ನೆಯದರ ಬಗ್ಗೆ ನನಗೆ ಜಾಸ್ತಿ ಚಿಂತೆ. ಆ ಪತ್ರ ಆಗಲೇ ಹಳೆಯದಾಗಿತ್ತು. ಮಡಿಕೆ ಬಿದ್ದ ಜಾಗದಲ್ಲಿ ಹರಿದು, ಹಿಂಬದಿಯಿಂದ ತೆಳು ಬಟ್ಟೆ ಅಂಟಿಸಿದ್ದೆವು. 3ನೇ ಹಾಳೆಯಲ್ಲಿ ಚೆಕ್ಕುಬಂದಿ ಬರೆದ ಕಡೆ ಶಾಯಿ ಮಸುಕಾಗಿದೆ. ಪೂರ್ವಕ್ಕೆ ರಸ್ತೆ ಎಂಬುದಷ್ಟೇ ಸರಿಯಾಗಿ ಓದಲು ಬರುತ್ತಿತ್ತು. ದಯವಿಟ್ಟು ಅದನ್ನು ಮಡಿಚಿ ಲಕೋಟೆಗೆ ತುರುಕಬೇಡಿ, ಪಿನ್ ಹೊಡೆಯಬೇಡಿ, ಲ್ಯಾಮಿನೇಟ್ ಅಂತೂ ಮಾಡಲೇಬೇಡಿ. ಬೆಂಗಳೂರಿನಿಂದ ಹೊರಡುವ ಮೊದಲೇ ಹಾಳೆ ಎಣಿಸಿ, ಪಟ್ಟಿಗೆ ತಾಳೆ ನೋಡಲು ಅಲ್ಲಿಯವರಿಗೆ ಹೇಳಿ. ಪತ್ರ ಕೈಗೆ ತೆಗೆದುಕೊಳ್ಳುವಾಗ ನಾವು ಒಂದೊಂದು ಹಾಳೆಯನ್ನೂ ನೋಡಿಯೇ ಸಹಿ ಮಾಡುತ್ತೇವೆ. "ಎಲ್ಲಾ ಪತ್ರ ಸ್ವೀಕರಿಸಿದ್ದೇವೆ" ಎಂಬ ಅಚ್ಚಾದ ಫಾರಂಗೆ ಮೊದಲೇ ಸಹಿ ಹಾಕಿಸಿಕೊಳ್ಳುವ ಪದ್ಧತಿ ಇದ್ದರೆ, ಅದಕ್ಕೆ ನಾವು ಒಪ್ಪುವುದಿಲ್ಲ. ಇದಕ್ಕಾಗಿ ಅರ್ಧ ಗಂಟೆ ಬಿಡುವಿರುವ ಹೊತ್ತನ್ನೇ ಗೊತ್ತುಮಾಡಿ.

ಯಾವುದಾದರೂ ಪತ್ರ ಕಳೆದಿದ್ದರೆ, ಹಾಳಾಗಿದ್ದರೆ, ಈಗಲೇ ಹೇಳಿಬಿಡಿ. ಅಂಥ ಸಂದರ್ಭದಲ್ಲಿ ದೃಢೀಕೃತ ಪ್ರತಿ ತೆಗೆಸಿಕೊಡಲು ಬ್ಯಾಂಕು ನೆರವಾಗಬೇಕು, ಖರ್ಚನ್ನೂ ಭರಿಸಬೇಕು ಎಂದು ಸುತ್ತೋಲೆ ಹೇಳುತ್ತದೆ. ಅದಕ್ಕೆ ಇನ್ನೂ 30 ದಿನ ಹೆಚ್ಚಿಗೆ ಸಮಯವೂ ಇದೆ. ಮುಚ್ಚಿಟ್ಟುಕೊಂಡು ಇವತ್ತು ನಾಳೆ ಎನ್ನುವುದರಿಂದ ಇಬ್ಬರಿಗೂ ಲಾಭವಿಲ್ಲ.

ಎಲ್‌ಐಸಿ ಬಾಂಡನ್ನು ಬರೀ ವಾಪಸ್ ಕೊಟ್ಟರೆ ಸಾಲದು. ಅದನ್ನು ಬ್ಯಾಂಕಿನ ಹೆಸರಿಗೆ ವಹಿಸಿ ಬರೆದುಕೊಟ್ಟಿದ್ದೆ. ಮತ್ತೆ ನನ್ನ ಹೆಸರಿಗೆ ಮರುವಹಿಸಿ ಸಹಿ, ಸೀಲು ಹಾಕಿಕೊಡಿ.

ಇನ್ನೊಂದು ವಿಷಯ. ನನ್ನ ಪಿಂಚಣಿ ಬರುವುದು ಬೇರೆ ಬ್ಯಾಂಕಿನ ಖಾತೆಗೆ. ಕಂತು ಅಲ್ಲಿಂದ ನ್ಯಾಚ್ ಮ್ಯಾಂಡೇಟ್ ಮೂಲಕ ನಿಮಗೆ ಬರುತ್ತಿತ್ತು. ಸಾಲ ತೀರಿದ ಮೇಲೂ 05-07-2025ರಂದು 15,476 ರೂಪಾಯಿ ಕಡಿತವಾಗಿದೆ. ಇಲ್ಲದ ಸಾಲಕ್ಕೆ ಕಂತು! ಆ ಹಣವನ್ನು ಅದೇ ಪಿಂಚಣಿ ಖಾತೆಗೆ ವಾಪಸ್ ಹಾಕಿ, ಮ್ಯಾಂಡೇಟನ್ನು ರದ್ದು ಮಾಡಿ. ಆಗಸ್ಟ್ 5ಕ್ಕೆ ಮತ್ತೆ ಕಡಿತವಾಗದಂತೆ ಅದಕ್ಕೂ ಮೊದಲೇ ಈ ಕೆಲಸ ಆಗಬೇಕು.

ಪತ್ರ ತೆಗೆದುಕೊಳ್ಳಲು ಇಬ್ಬರೂ ಬರುತ್ತೇವೆ. ಗೃಹಸಾಲ ವಿಭಾಗ ಮೊದಲ ಮಹಡಿಯಲ್ಲಿದೆ. ನನ್ನ ಹೆಂಡತಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ. ಅವರ ಸಹಿಯನ್ನು ಕೆಳಗಿನ ಕ್ಯಾಶ್ ಕೌಂಟರಿನ ಹತ್ತಿರವೇ ತೆಗೆದುಕೊಳ್ಳುವ ಏರ್ಪಾಡು ಮಾಡಿದರೆ ಉಪಕಾರವಾಗುತ್ತದೆ. ನಿಮ್ಮ ಸಿಬ್ಬಂದಿ ನಮ್ಮ ಜೊತೆ ಯಾವತ್ತೂ ಮರ್ಯಾದೆ ತಪ್ಪಿ ಮಾತಾಡಿಲ್ಲ. ಅದನ್ನೂ ಇಲ್ಲಿ ಹೇಳಬೇಕು.

ಈ ಪತ್ರ ತಲುಪಿದ 7 ದಿನದೊಳಗೆ ಪತ್ರಗಳು ಯಾವ ದಿನ ಸಿಗುತ್ತವೆ ಎಂದು ಬರೆದು ತಿಳಿಸಿ. ನನ್ನ ಮೊಬೈಲ್ ನಂಬರ್ ಬದಲಾಗಿಲ್ಲ, ನಿಮ್ಮ ದಾಖಲೆಯಲ್ಲಿ ಇರುವುದೇ. ಈ ಪತ್ರದ ಒಂದು ಪ್ರತಿಯನ್ನು ನಿಮ್ಮ ವಲಯ ಕಚೇರಿಯ ಕುಂದುಕೊರತೆ ವಿಭಾಗಕ್ಕೂ ದೂರು ಎಂದೇ ಕಳಿಸುತ್ತಿದ್ದೇನೆ. 30 ದಿನದೊಳಗೆ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ಮೂಲಕ ದೂರು ಕೊಡುತ್ತೇವೆ. ಅಲ್ಲಿಯವರೆಗೆ ಹೋಗುವ ಅಗತ್ಯ ಬರಲಾರದು ಎಂದುಕೊಂಡಿದ್ದೇನೆ.

ಈ ಪತ್ರದ ಎರಡನೇ ಪ್ರತಿಗೆ ದಿನಾಂಕ ಸಹಿತ ಸೀಲು ಹಾಕಿ, ತಂದವರ ಕೈಯಲ್ಲೇ ಕೊಡಬೇಕಾಗಿ ಕೋರುತ್ತೇವೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿಗಳು,

(ಸಹಿ) ಎಂ. ಎಸ್. ರುದ್ರೇಶಪ್ಪ
(ಸಹಿ) ಗಿರಿಜಮ್ಮ

ಲಗತ್ತುಗಳು: 16-06-2025ರ ರಸೀದಿ ಮತ್ತು ಬಾಕಿ ಸೊನ್ನೆ ತೋರಿಸುವ ಖಾತೆ ವಿವರ, ಅದೇ ದಿನದ ಅರ್ಜಿಯ ಪ್ರತಿ, 2012ರಲ್ಲಿ ನಿಮ್ಮ ಶಾಖೆ ಸಹಿ ಮಾಡಿಕೊಟ್ಟ ಪತ್ರಗಳ ಪಟ್ಟಿ, ಈಗಿನ ಇ.ಸಿ.; ಜುಲೈ 5ರ ಕಡಿತ ಕಾಣುವ ಪಿಂಚಣಿ ಖಾತೆಯ ಪಾಸ್‌ಬುಕ್ ಪುಟ; ಇಬ್ಬರ ಆಧಾರ್ ಮತ್ತು ಪ್ಯಾನ್ ಪ್ರತಿಗಳು, ಸ್ವಯಂ ದೃಢೀಕರಿಸಿದ್ದು.

ಪ್ರತಿ: ಕುಂದುಕೊರತೆ ವಿಭಾಗ, ವಲಯ ಕಚೇರಿ. ರಿಜಿಸ್ಟರ್ಡ್ ಅಂಚೆ ಮೂಲಕ.