ವಿಷಯ: ನಿಮ್ಮ 2016ರ ಕೋಲಾರ ಬೋರ್‌ವೆಲ್ ಸಮೀಕ್ಷೆಯ ಮಾಹಿತಿಯನ್ನು ಪಿಎಚ್.ಡಿ. ಪ್ರಬಂಧಕ್ಕೆ ಬಳಸಲು ಅನುಮತಿ ಕೋರಿ

ಮೇಡಂ, ನಮಸ್ಕಾರ.

ನಾನು ಸವಿತಾ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರದ ಪಿಎಚ್.ಡಿ. ವಿದ್ಯಾರ್ಥಿನಿ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಬರತೊಡಗಿದ್ದು 2018ರಲ್ಲಿ. ಆಮೇಲೆ ಕೆರೆ ಸುತ್ತಲಿನ ರೈತರ ಬೋರ್‌ವೆಲ್ ಖರ್ಚು, ಬೆಳೆ, ಸಾಲ ಹೇಗೆ ಬದಲಾದವು ಎಂಬುದೇ ನನ್ನ ಪ್ರಬಂಧದ ವಿಷಯ. ನಮ್ಮೂರೂ ನರಸಾಪುರದ ಹತ್ತಿರವೇ.

ಈಗಿನ ಮಾಹಿತಿಯನ್ನು ನಾನೇ ಮನೆಮನೆಗೆ ಹೋಗಿ ತಂದಿದ್ದೇನೆ. ಕಷ್ಟ ಇರುವುದು ಹಿಂದಿನದರಲ್ಲಿ. ‘2016ರಲ್ಲಿ ಎಷ್ಟು ಅಡಿಗೆ ನೀರು ಸಿಗುತ್ತಿತ್ತು?’ ಅಂದರೆ ಒಂದೇ ಮನೆಯಲ್ಲಿ ಅಪ್ಪ ಸಾವಿರ ಅಡಿ ಅನ್ನುತ್ತಾರೆ, ಮಗ ಸಾವಿರದ ನಾನೂರು ಅನ್ನುತ್ತಾನೆ. ಫೇಲಾದ ಬೋರುಗಳ ಲೆಕ್ಕ ಅಂತೂ ಯಾರಿಗೂ ಸರಿಯಾಗಿ ನೆನಪಿಲ್ಲ. ನೀವು ಆಗಲೇ ಹೋಗಿ, ಕೇಳಿ, ಬರೆದುಕೊಂಡಿದ್ದೀರಿ. ನೀರು ಬರುವ ಮೊದಲಿನ ಆ ಲೆಕ್ಕವನ್ನು ಈಗ ಇನ್ನೊಮ್ಮೆ ಯಾರೂ ಮಾಡಲಾರರು, ಅಲ್ವಾ?

ನಿಮ್ಮ ವರದಿ ನಮ್ಮ ವಿಭಾಗದ ಲೈಬ್ರರಿಯಲ್ಲಿ ಸಿಕ್ಕಿತು. ಅದರಲ್ಲಿ ಊರುವಾರು ಸರಾಸರಿ ಮಾತ್ರ ಇದೆ. ಐದು ಬೋರು ಕೊರೆಸಿ ಸಾಲದಲ್ಲಿ ಬಿದ್ದವರೂ ಒಂದೂ ಕೊರೆಸದವರೂ ಸರಾಸರಿಯಲ್ಲಿ ಕಲೆತುಹೋಗುತ್ತಾರೆ. ಅದಕ್ಕೇ ಒಂದೊಂದು ಮನೆಯ ಮಾಹಿತಿ ಬೇಕಾಗಿದೆ: ಜಮೀನು, ಬೋರುಗಳ ಸಂಖ್ಯೆ, ಕೊರೆಸಿದ ವರ್ಷ, ಆಳ, ಫೇಲಾದವು, ಬೆಳೆ, ಸಾಲ. ರೈತರ ಹೆಸರು, ಫೋನ್, ಜಮೀನಿನ ಸರ್ವೆ ನಂಬರ್ ನನಗೆ ಬೇಡ. ದಯವಿಟ್ಟು ಅವನ್ನು ತೆಗೆದೇ ಕಳಿಸಿ.

ಹೆಸರು ತೆಗೆದರೂ ಸಣ್ಣ ಊರಿನಲ್ಲಿ ‘ಇಷ್ಟು ಆಳದ ಬೋರು’ ಅಂದರೆ ಯಾರದ್ದೆಂದು ಗೊತ್ತಾಗಿಬಿಡುತ್ತದೆ. ಹಾಗಾಗಿ ಐದಕ್ಕಿಂತ ಕಡಿಮೆ ಮನೆಗಳ ಅಂಕಿಯನ್ನು ಯಾವ ಪಟ್ಟಿಯಲ್ಲೂ ಕೊಡುವುದಿಲ್ಲ. ಪ್ರಬಂಧ ಮುಂದೆ ಶೋಧಗಂಗಾದಲ್ಲಿ ಎಲ್ಲರಿಗೂ ಸಿಗುತ್ತದೆ. ನಿಮ್ಮ ಮೂಲ ಫೈಲ್ ಅದರ ಅನುಬಂಧಕ್ಕೆ ಹೋಗುವುದಿಲ್ಲ. ಪಾಸ್‌ವರ್ಡ್ ಹಾಕಿದ ನನ್ನ ಕಂಪ್ಯೂಟರಿನಲ್ಲೇ ಇರುತ್ತದೆ, ಪದವಿ ಮುಗಿದ ಮೇಲೆ ಅಳಿಸಿ ನಿಮಗೆ ತಿಳಿಸುತ್ತೇನೆ. ಬೇರೆ ಲೇಖನಕ್ಕೆ ಬಳಸಬೇಕಾದರೆ ಮತ್ತೆ ಕೇಳುತ್ತೇನೆ.

ಒಂದು ಮಾತು ನಿಮ್ಮಿಂದಲೇ ತಿಳಿಯಬೇಕು. ಆಗ ರೈತರು ಸಹಿ ಮಾಡಿದ ಒಪ್ಪಿಗೆ ಪತ್ರದಲ್ಲಿ, ಬೇರೆ ಸಂಶೋಧಕರಿಗೂ ಮಾಹಿತಿ ಕೊಡಬಹುದು ಎಂದಿತ್ತೇ? ಇಲ್ಲವಾದರೆ ನಾನು ಒತ್ತಾಯ ಮಾಡುವುದಿಲ್ಲ. ವರದಿಯ ಸರಾಸರಿಗಳನ್ನೇ ಇಟ್ಟುಕೊಂಡು ಆ ಅಧ್ಯಾಯ ಬರೆಯುತ್ತೇನೆ.

ನಿಮ್ಮ ತಂಡದ ಹೆಸರನ್ನು ಹೇಗೆ ನಮೂದಿಸಬೇಕು ಎಂದು ನೀವೇ ಬರೆದುಕೊಟ್ಟರೆ ಹಾಗೇ ಹಾಕುತ್ತೇನೆ. ಅಧ್ಯಾಯದ ಕರಡನ್ನು ಸಲ್ಲಿಸುವ ಮೊದಲು ನಿಮಗೆ ಕಳಿಸುತ್ತೇನೆ. ನಿಮ್ಮ ಅಂಕಿಗಳನ್ನು ನಾನು ತಪ್ಪಾಗಿ ಓದಿದ್ದರೆ ಹೇಳಲು ನಿಮಗಿಂತ ಬಲ್ಲವರಿಲ್ಲ.

ನಮ್ಮ ನೈತಿಕ ಸಮಿತಿಗೆ ಲಿಖಿತ ಅನುಮತಿ ಬೇಕು, ಈ ಮೇಲ್‌ಗೆ ಉತ್ತರ ಬಂದರೂ ಸಾಕು. ಜನವರಿ 20ರೊಳಗೆ ತಿಳಿಸಿದರೆ ತುಂಬಾ ಅನುಕೂಲ. ಸಾರಾಂಶ, ನನ್ನ ಪ್ರಶ್ನಾವಳಿ ಮತ್ತು ಮಾರ್ಗದರ್ಶಕರ ಪತ್ರ ಲಗತ್ತಿಸಿದ್ದೇನೆ. ಶನಿವಾರಗಳಂದು ಬೆಂಗಳೂರಿಗೆ ಬರುತ್ತಿರುತ್ತೇನೆ. ಮುಖತಃ ಮಾತಾಡುವುದು ಒಳ್ಳೆಯದು ಅನ್ನಿಸಿದರೆ ನೀವು ಹೇಳಿದ ಹೊತ್ತಿಗೆ ಬರುತ್ತೇನೆ.

ವಂದನೆಗಳೊಂದಿಗೆ,
ಸವಿತಾ
ಪಿಎಚ್.ಡಿ. ಮೂರನೇ ವರ್ಷ, ಅರ್ಥಶಾಸ್ತ್ರ
ಮೈಸೂರು ವಿಶ್ವವಿದ್ಯಾನಿಲಯ