ಹಣದುಬ್ಬರದ ಪಾಠದ ನಂತರ: ಕಲಬುರಗಿ ಸೂಪರ್ ಮಾರ್ಕೆಟ್ ಲೆಕ್ಕ

(ದರಗಳು ಅಭ್ಯಾಸಕ್ಕಾಗಿ ಊಹಿಸಿದವು. ಲೆಕ್ಕದ ಹಂತಗಳನ್ನು ಬರೆಯಿರಿ.)

1. ತೊಗರಿಬೇಳೆ ಹೋದ ವರ್ಷ ಕೆಜಿಗೆ 120 ರೂ., ಈಗ 150. ಮನೆಗೆ ತಿಂಗಳಿಗೆ 4 ಕೆಜಿ ಬೇಕು. ಹೋದ ವರ್ಷ ಅಡುಗೆಮನೆಯ ಒಟ್ಟು ಖರ್ಚು ತಿಂಗಳಿಗೆ 6,000 ರೂ. ಇತ್ತು. ಬೇಳೆ ಏರಿದ್ದು ಶೇ. 25, ಅದರಿಂದ ಖರ್ಚು ಏರಿದ್ದು ಶೇ. 2. ಎರಡೂ ಸರಿ ಹೇಗೆ? ಹೆಚ್ಚಿನವರು ಎಡವುವುದು ಇಲ್ಲೇ: ತೂಕಾಂಕ, ಅಂದರೆ ಒಟ್ಟು ಖರ್ಚಿನಲ್ಲಿ ಬೇಳೆಯ ಪಾಲು, ಮರೆಯಬೇಡಿ.

2. ಅದೇ ಮನೆಯವರು ಸಾರು ತೆಳು ಮಾಡಿ 3 ಕೆಜಿಗೆ ಇಳಿದರು. ಬೇಳೆಯ ಬಿಲ್ 480ರಿಂದ 450 ಆಯಿತು. ಅವರ ಪಾಲಿಗೆ ಹಣದುಬ್ಬರ ಇಳಿಯಿತೇ?

3. 40 ರೂ. ಸಾಬೂನು 100 ಗ್ರಾಂನಿಂದ 90ಕ್ಕೆ ಇಳಿದರೆ ನಿಜವಾದ ಏರಿಕೆ ಎಷ್ಟು? (ಶೇ. 10 ಅಲ್ಲ.)

4. ಹಣದುಬ್ಬರ ಶೇ. 6ರಿಂದ 3ಕ್ಕೆ ಬಂತು. "ರೇಟ್ ಎಲ್ಲಿ ಇಳದಾವ್ರೀ?" ಎನ್ನುವ ಗಿರಾಕಿಗೆ ಎರಡು ವಾಕ್ಯದಲ್ಲಿ ಉತ್ತರಿಸಿ.

5. ಸುಗ್ಗಿಯಲ್ಲಿ ಜೋಳ ಕ್ವಿಂಟಲ್‌ಗೆ 3,500 ರೂ.; ಮುಂದೆ ತಿಂಗಳು ತಿಂಗಳು ಕೊಂಡರೆ ಸರಾಸರಿ ಕೆಜಿಗೆ 42. ತಿಂಗಳಿಗೆ ಶೇ. 2ರ ಸರಳ ಬಡ್ಡಿಗೆ ಸಾಲ ತಂದು ಒಂದು ಕ್ವಿಂಟಲ್ ಕೊಂಡು, ಹತ್ತು ತಿಂಗಳ ಮೇಲೆ ಒಟ್ಟಿಗೆ ತೀರಿಸಿದರೆ ಉಳಿದದ್ದೆಷ್ಟು? 5 ಕೆಜಿಗೆ ಹುಳ ಬಿದ್ದರೆ?